ಹೆಚ್ಚಾಗಿ ಹೋದ ಸಂಬಳ: ಲೆಕ್ಕ, ಮಾತು, ಕಂತು

ತಪ್ಪಾಗಿ ಹೆಚ್ಚು ಕೊಟ್ಟ ಸಂಬಳವನ್ನು ಉದ್ಯೋಗಿಗೆ ಹೊರೆಯಾಗದಂತೆ ವಾಪಸ್ ಪಡೆಯುವುದು ಹೇಗೆ ಎಂದು, ಕಂಪನಿಗಳಲ್ಲಿ ಸಂಬಳದ ಲೆಕ್ಕ ನೋಡುವ ನಿಮಗೆ ಒಂದು ಉದಾಹರಣೆಯನ್ನೇ ಹಿಡಿದು ಹೇಳುತ್ತೇನೆ. ಅಂಕಿಗಳನ್ನು ಬರೆದುಕೊಳ್ಳಿ, ಕೊನೆಯವರೆಗೂ ಅವೇ ಬರುತ್ತವೆ.

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆ ಎಂದಿಟ್ಟುಕೊಳ್ಳಿ. ಅಲ್ಲೊಬ್ಬ ಸಿಎನ್‌ಸಿ ಯಂತ್ರದ ಆಪರೇಟರ್. ಅವರ ತಿಂಗಳ ಒಟ್ಟು ಸಂಬಳ 35,000 ರೂಪಾಯಿ. ಇದರ ಮೇಲೆ ರಾತ್ರಿ ಪಾಳಿಗೆ ರಾತ್ರಿಯೊಂದಕ್ಕೆ 150 ರೂಪಾಯಿ ಭತ್ಯೆ. ತಿಂಗಳಿಗೆ 24 ರಾತ್ರಿ ಎಂದು ಲೆಕ್ಕ ಹಾಕಿ 3,600 ರೂಪಾಯಿಯನ್ನು ಸಂಬಳದ ಸಾಫ್ಟ್‌ವೇರ್‌ನಲ್ಲಿ ಖಾಯಂ ಮೊತ್ತವಾಗಿ ಕೂರಿಸಿಬಿಟ್ಟಿದ್ದಾರೆ. ಜೂನ್ ಒಂದರಿಂದ ಅವರನ್ನು ಜನರಲ್ ಶಿಫ್ಟಿಗೆ ಹಾಕಿದರು. ಸೂಪರ್‌ವೈಸರ್ ಪಾಳಿ ಪಟ್ಟಿ ಬದಲಿಸಿದರು, ಆದರೆ ಆ ಸುದ್ದಿ ಅಕೌಂಟ್ಸ್‌ಗೆ ಬರಲಿಲ್ಲ. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಐದೂ ತಿಂಗಳು 3,600 ಹೋಗುತ್ತಲೇ ಇತ್ತು. ನವೆಂಬರ್ ಸಂಬಳ ತಯಾರಿಸುವಾಗ ಯಾರದೋ ಕಣ್ಣಿಗೆ ಬಿತ್ತು. ಐದು ಗುಣಿಸು 3,600, ಅಂದರೆ 18,000.

ಈ ಹೊತ್ತಿನಲ್ಲಿ ಹೆಚ್ಚಿನ ಕಡೆ ಏನಾಗುತ್ತದೆ ಎಂದು ನಿಮಗೂ ಗೊತ್ತು. ಲೆಕ್ಕ ಸರಿಹೋಗಲಿ ಎಂದು ನವೆಂಬರ್ ಸಂಬಳದಲ್ಲೇ 18,000 ಕಡಿದುಬಿಡುತ್ತಾರೆ. ಆಪರೇಟರ್‌ಗೆ ವಿಷಯ ತಿಳಿಯುವುದು ಬ್ಯಾಂಕಿನ ಮೆಸೇಜ್ ಬಂದಾಗ. ಐದನೇ ತಾರೀಕು ಬೈಕ್ ಸಾಲದ ಕಂತು ಖಾತೆಯಿಂದ ತಾನಾಗಿ ಹೋಗಬೇಕು, ಹಣ ಸಾಲದೆ ವಾಪಸಾಗುತ್ತದೆ, ಬ್ಯಾಂಕು ಅದಕ್ಕೊಂದು ದಂಡ ಹಾಕುತ್ತದೆ, ಕ್ರೆಡಿಟ್ ಸ್ಕೋರೂ ಇಳಿಯುತ್ತದೆ. ತಪ್ಪು ಕಂಪನಿಯದು, ದಂಡ ಕಟ್ಟಿದವರು ಅವರು. ಹೀಗಾಗದಂತೆ ಮಾಡಲು ಬೇಕಾದ ಕೆಲಸ ಒಟ್ಟು ಸೇರಿಸಿದರೆ ಅರ್ಧ ದಿನದ್ದು. ಅದನ್ನು ಒಂದೊಂದಾಗಿ ನೋಡೋಣ.

ಮೊದಲು ಮೊತ್ತ. 18,000 ಎನ್ನುವುದು ಸಾಫ್ಟ್‌ವೇರ್ ಹೇಳುವ ಮೊತ್ತ ಅಷ್ಟೇ. ಉದ್ಯೋಗಿಯ ಜೊತೆ ಒಂದು ಮಾತೂ ಆಡುವ ಮುಂಚೆ ಆ ಐದು ತಿಂಗಳ ಹಾಜರಿಯನ್ನು ದಿನದಿನಕ್ಕೆ ತೆಗೆದು ನೋಡಿ. ಪಂಚಿಂಗ್ ಯಂತ್ರದ ದಾಖಲೆ ಇರುತ್ತದೆ, ಸೆಕ್ಯುರಿಟಿ ಗೇಟಿನ ಪುಸ್ತಕ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಆಗಸ್ಟ್ ತಿಂಗಳು ತೆರೆದರೆ, ರಜೆ ಹೋದ ಸಹೋದ್ಯೋಗಿಯ ಬದಲಿಗೆ ಇವರು ಎಂಟು ರಾತ್ರಿ ಕೆಲಸ ಮಾಡಿದ್ದು ಕಾಣುತ್ತದೆ. ಎಂಟು ಗುಣಿಸು 150, ಅಂದರೆ 1,200 ರೂಪಾಯಿ ಅವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು. ಹಾಗಾಗಿ ನಿಜವಾಗಿ ಹೆಚ್ಚಾಗಿ ಹೋದದ್ದು 16,800.

ಈ 1,200 ಸಣ್ಣದಾಗಿ ಕಾಣಬಹುದು, ಆದರೆ ಇಡೀ ಮಾತುಕತೆ ನಿಂತಿರುವುದು ಇದರ ಮೇಲೆ. ನೀವು 18,000 ಎಂದು ಪತ್ರ ಕೊಟ್ಟ ಮೇಲೆ ಅವರು ‘ಸಾರ್, ಆಗಸ್ಟಲ್ಲಿ ನಾನು ನೈಟ್ ಬಂದಿದ್ದೆನಲ್ಲ’ ಎಂದರೆ, ಅಲ್ಲಿಂದ ಮುಂದೆ ನಿಮ್ಮ ಯಾವ ಅಂಕಿಯನ್ನೂ ಅವರು ನಂಬಬೇಕಿಲ್ಲ. ಅದನ್ನೇ ನೀವಾಗಿ ಕಂಡುಹಿಡಿದು, ನೀವಾಗಿ ಕಳೆದು, ಪತ್ರದಲ್ಲಿ ತೋರಿಸಿದರೆ ಲೆಕ್ಕ ಎರಡೂ ಕಡೆಯಿಂದ ಆಗಿದೆ ಎಂದು ಅವರಿಗೆ ಹೇಳದೆಯೇ ತಿಳಿಯುತ್ತದೆ.

ಎರಡನೇ ಪ್ರಶ್ನೆ: ಹೆಚ್ಚಾಗಿ ಹೋದದ್ದರಲ್ಲಿ ಅವರ ಕೈಗೆ ಬಂದದ್ದೆಷ್ಟು? ನಮ್ಮ ಆಪರೇಟರ್ ವಿಷಯದಲ್ಲಿ ಉತ್ತರ ಸುಲಭ. ಅವರ ಪಿಎಫ್ ಅನ್ನು 15,000 ರೂಪಾಯಿಯ ಮಿತಿಗೆ ಕಟ್ಟುತ್ತಾರೆ. ಶೇಕಡಾ 12ರಂತೆ 1,800. ಭತ್ಯೆ ಬಂದರೂ ಬರದಿದ್ದರೂ ಅದು ಅಷ್ಟೇ. ಸಂಬಳ 21,000 ಮೀರಿರುವುದರಿಂದ ಇಎಸ್‌ಐ ಇಲ್ಲ. ವರ್ಷದ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಬರುವುದಿಲ್ಲ, ಆದ್ದರಿಂದ ಟಿಡಿಎಸ್ ಇಲ್ಲ. ವೃತ್ತಿ ತೆರಿಗೆ ಹೇಗಿದ್ದರೂ 200. ಅಂದರೆ ಹೆಚ್ಚಾಗಿ ಹೋದ ಪ್ರತಿ ರೂಪಾಯಿಯೂ ಅವರ ಖಾತೆಗೇ ಬಿದ್ದಿದೆ. ವಾಪಸ್ ಕೇಳಬಹುದಾದದ್ದೂ ಪೂರ್ತಿ 16,800.

ಎಲ್ಲರ ವಿಷಯದಲ್ಲೂ ಹೀಗಿರುವುದಿಲ್ಲ. ಇಲ್ಲಿ ಸ್ವಲ್ಪ ಆಚೆ ಹೋಗಿ ಬರುತ್ತೇನೆ, ಏಕೆಂದರೆ ವೈಟ್‌ಫೀಲ್ಡ್ ಕಡೆಯ ಕಚೇರಿಗಳಿಂದ ಬಂದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ವರ್ಷಕ್ಕೆ 18 ಲಕ್ಷ ಸಂಬಳದ ಒಬ್ಬ ಎಂಜಿನಿಯರ್‌ಗೆ ಸೆಪ್ಟೆಂಬರ್‌ನಲ್ಲಿ 50,000 ರೂಪಾಯಿ ಇನ್ಸೆಂಟಿವ್ ಎರಡು ಸಲ ಹೋಯಿತು ಎನ್ನಿ. 2025-26ರ ಹೊಸ ಪದ್ಧತಿಯ ದರದಲ್ಲಿ, 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ, ಅವರ ಕೊನೆಯ ರೂಪಾಯಿ ಬೀಳುವುದು 16ರಿಂದ 20 ಲಕ್ಷದ ಹಂತದಲ್ಲಿ. ಅಲ್ಲಿ ಶೇಕಡಾ 20 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್. ಎರಡನೇ ಸಲ ಹೋದ 50,000ದ ಮೇಲೆ 10,400 ರೂಪಾಯಿ ಟಿಡಿಎಸ್ ಹೋಗಿ ಅವರ ಖಾತೆಗೆ ಬಿದ್ದದ್ದು 39,600. ಈಗ ಅಕೌಂಟ್ಸ್‌ನವರು ‘50,000 ವಾಪಸ್ ಹಾಕಿ’ ಎಂದು ಮೇಲ್ ಕಳಿಸಿದರೆ, ಬಾರದೇ ಇದ್ದ 10,400 ರೂಪಾಯಿಯನ್ನು ಅವರು ತಮ್ಮ ಜೇಬಿನಿಂದ ಕೊಡಬೇಕಾಗುತ್ತದೆ.

ಇದಕ್ಕೆ ಸರಿಯಾದ ದಾರಿ, ಅದೇ ಹಣಕಾಸು ವರ್ಷದೊಳಗೆ ಗಳಿಕೆಯ ಕಡೆಯಲ್ಲೇ ಮೈನಸ್ ತೋರಿಸುವುದು. ಇನ್ಸೆಂಟಿವ್ ಎನ್ನುವ ಸಾಲಿನಲ್ಲೇ ಕಂತಿನ ಮೊತ್ತವನ್ನು ಮೈನಸ್ ಆಗಿ ಹಾಕಿ. ಆಗ ವರ್ಷದ ಒಟ್ಟು ಆದಾಯ 50,000 ಇಳಿಯುತ್ತದೆ, ಸಾಫ್ಟ್‌ವೇರ್ ಉಳಿದ ತಿಂಗಳುಗಳ ಟಿಡಿಎಸ್ ಅನ್ನು ಅಷ್ಟರ ಮಟ್ಟಿಗೆ ತಾನೇ ಇಳಿಸುತ್ತದೆ. ಮಾರ್ಚ್ ಹೊತ್ತಿಗೆ ಅವರ ಕೈಯಿಂದ ನಿಜವಾಗಿ ಹೋದದ್ದು 39,600 ಆಗಿರುತ್ತದೆ. ಇದನ್ನು ಕಡಿತದ ಕಡೆಯಲ್ಲಿ, ಸಾಲದ ಕಂತಿನ ಹಾಗೆ ಹಾಕಿದರೆ ಒಟ್ಟು ಆದಾಯ ಇಳಿಯುವುದಿಲ್ಲ, ಬಾರದ ಹಣಕ್ಕೆ ತೆರಿಗೆ ಕಟ್ಟಿದ್ದು ಕಟ್ಟಿದಂತೆಯೇ ಉಳಿಯುತ್ತದೆ. ನಾನು ನೋಡಿದ ಮಟ್ಟಿಗೆ ಸಂಬಳದ ತಿದ್ದುಪಡಿಗಳಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ. ಯಾರಿಗೂ ಕೂಡಲೇ ಕಾಣುವುದಿಲ್ಲ, ಫಾರ್ಮ್ 16 ಕೈಗೆ ಬಂದ ಮೇಲೆ ಕಾಣುತ್ತದೆ.

ತೆರಿಗೆ ಕಟ್ಟುವವರ ಕಂತು ಹಾಗಾಗಿ ಮಾರ್ಚ್ ಒಳಗೆ ಮುಗಿಯುವಂತಿದ್ದರೆ ಒಳ್ಳೆಯದು. ಅಷ್ಟರೊಳಗೆ ಮುಗಿಸಿದರೆ ಹೊರೆ ಹೆಚ್ಚಾಗುತ್ತದೆ ಎಂದಾದರೆ, ಮುಂದಿನ ವರ್ಷಕ್ಕೆ ದಾಟುವ ಭಾಗದ ತೆರಿಗೆಯನ್ನು ಹೇಗೆ ಸರಿಮಾಡುತ್ತೀರಿ ಎಂದು ನಿಮ್ಮ ತೆರಿಗೆ ಸಲಹೆಗಾರರಿಂದ ಮೊದಲೇ ಬರೆಸಿಕೊಂಡು, ಅದರಿಂದ ಉದ್ಯೋಗಿಗೆ ನಷ್ಟವಾದರೆ ಕಂಪನಿ ಭರಿಸುತ್ತದೆ ಎಂದು ಪತ್ರದಲ್ಲಿ ಸೇರಿಸಿ.

ಇಎಸ್‌ಐ ಇರುವವರಲ್ಲೂ ಇದೇ ತತ್ವ. 3,600 ಹೆಚ್ಚಾಗಿ ಹೋಗಿದ್ದರೆ ಅದರ ಮೇಲೆ ಉದ್ಯೋಗಿಯ ಪಾಲು ಶೇಕಡಾ 0.75, ಅಂದರೆ 27 ರೂಪಾಯಿ, ಆಗಲೇ ಕಡಿತವಾಗಿದೆ. ವಾಪಸ್ ಕೇಳುವಾಗ ಆ 27 ಕಳೆದು ಕೇಳಿ. ಇಎಸ್‌ಐ ನಿಗಮಕ್ಕೆ ಹೋದ ಹಣವನ್ನು ಹೇಗೆ ಹೊಂದಿಸಿಕೊಳ್ಳುವುದು ಎನ್ನುವುದು ನಿಮ್ಮ ತಲೆನೋವು, ಅವರದಲ್ಲ.

ಈಗ ಪೀಣ್ಯಕ್ಕೆ ವಾಪಸ್. ಮೊತ್ತ 16,800 ಎಂದು ಗಟ್ಟಿಯಾಯಿತು. ಇದನ್ನು ಎಷ್ಟು ಕಂತು ಮಾಡುವುದು?

ಕಾನೂನು ಏನು ಹೇಳುತ್ತದೆ ಎಂದು ಬೇಗ ಹೇಳಿ ಮುಗಿಸುತ್ತೇನೆ. ಹೆಚ್ಚಾಗಿ ಕೊಟ್ಟ ಸಂಬಳವನ್ನು ಸಂಬಳದಲ್ಲೇ ಹೊಂದಿಸಿಕೊಳ್ಳಲು ಅವಕಾಶ ಇದೆ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ 18ನೇ ಸೆಕ್ಷನ್ನಿನಲ್ಲೂ ಇದೆ. ಆದರೆ ಒಂದು ತಿಂಗಳಲ್ಲಿ ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧ ಮೀರಬಾರದು. ‘ಎಲ್ಲ ಕಡಿತಗಳೂ ಸೇರಿ’ ಎನ್ನುವುದನ್ನು ಗಮನಿಸಿ. ನಮ್ಮ ಆಪರೇಟರ್‌ಗೆ ಪಿಎಫ್ 1,800, ವೃತ್ತಿ ತೆರಿಗೆ 200, ಕಾರ್ಖಾನೆಯ ಸಹಕಾರ ಸಂಘದ ಸಾಲದ ಕಂತು 4,000, ಒಟ್ಟು 6,000 ಆಗಲೇ ಹೋಗುತ್ತಿದೆ. 35,000ದ ಅರ್ಧ 17,500. ಅದರಲ್ಲಿ 6,000 ಕಳೆದರೆ ಕಾನೂನಿನ ಪ್ರಕಾರ ಉಳಿದ ಜಾಗ 11,500. ಅಂದರೆ ಎರಡೇ ತಿಂಗಳಲ್ಲಿ ವಸೂಲಿ ಮುಗಿಸಲು ಕಾನೂನು ಅಡ್ಡ ಬರುವುದಿಲ್ಲ. ಹಾಗೆ ಮಾಡಿದರೆ ಆ ಎರಡು ತಿಂಗಳಲ್ಲಿ ಒಂದರಲ್ಲಿ ಅವರ ಕೈಗೆ 17,500 ಬರುತ್ತದೆ. ಈ ಊರಿನಲ್ಲಿ ಬಾಡಿಗೆ ಕಟ್ಟಿಕೊಂಡು ಸಂಸಾರ ಮಾಡುವವರಿಗೆ ಅದು ಸಾಲುವುದಿಲ್ಲ. ಕಾನೂನಿನ ಅರ್ಧ ಎನ್ನುವುದು ಮೀರಬಾರದ ಗೆರೆ. ಅಲ್ಲಿಯವರೆಗೂ ಹೋಗಲೇಬೇಕು ಎಂದು ಅದು ಹೇಳುವುದಿಲ್ಲ.

ಸಾಮಾನ್ಯವಾಗಿ ಹೇಳುವ ಇನ್ನೊಂದು ಸೂತ್ರ, ಎಷ್ಟು ತಿಂಗಳು ಹೆಚ್ಚಾಗಿ ಹೋಯಿತೋ ಅಷ್ಟೇ ತಿಂಗಳಲ್ಲಿ ಹಿಡಿಯುವುದು. ಕೇಳಲು ನ್ಯಾಯವಾಗಿದೆ. ಆದರೆ ಅದರಲ್ಲೊಂದು ತೊಡಕಿದೆ, ಇದನ್ನು ದಯವಿಟ್ಟು ನಿಧಾನವಾಗಿ ಕೇಳಿ. ಅಕ್ಟೋಬರ್‌ವರೆಗೆ ಅವರ ಕೈಗೆ ಬರುತ್ತಿದ್ದದ್ದು 32,600. ಭತ್ಯೆ ನಿಲ್ಲಿಸಿದ ಕೂಡಲೇ, ಒಂದು ರೂಪಾಯಿಯನ್ನೂ ಹಿಡಿಯದೆಯೇ, ಅದು 29,000ಕ್ಕೆ ಇಳಿಯುತ್ತದೆ. ಇದರ ಮೇಲೆ ಐದು ತಿಂಗಳ ಕಂತು ಮಾಡಿದರೆ ತಿಂಗಳಿಗೆ 3,360. ಕೈಗೆ ಬರುವುದು 25,640. ಅಂದರೆ ಮನೆಯಲ್ಲಿ ಅವರಿಗೆ ತಿಂಗಳ ಆದಾಯ ಹತ್ತಿರ ಹತ್ತಿರ 7,000 ಕಡಿಮೆಯಾದಂತೆ. ಅಕೌಂಟ್ಸ್‌ನವರ ಕಣ್ಣಿಗೆ ಬೀಳುವುದು 3,360 ಮಾತ್ರ. ಇಳಿತ ಎರಡು ಸಲ ಆಗುತ್ತದೆ ಎನ್ನುವುದನ್ನು ಮರೆತು ಮಾಡಿದ ಕಂತುಪಟ್ಟಿ ಮೂರನೇ ತಿಂಗಳಿಗೇ ಮುರಿಯುತ್ತದೆ. ಅವರು ಬಂದು ಸಂಬಳದ ಮುಂಗಡ ಕೇಳುತ್ತಾರೆ, ನೀವು ಒಂದು ಕೈಯಲ್ಲಿ ಹಿಡಿದದ್ದನ್ನು ಇನ್ನೊಂದು ಕೈಯಲ್ಲಿ ಕೊಡುತ್ತೀರಿ.

ಆದ್ದರಿಂದ ನನ್ನ ಸಲಹೆ ಇದು. ತಪ್ಪು ಕಂಡ ತಿಂಗಳು ಭತ್ಯೆಯನ್ನು ಮಾತ್ರ ನಿಲ್ಲಿಸಿ, ಏನನ್ನೂ ಹಿಡಿಯಬೇಡಿ. ಒಂದು ತಿಂಗಳು ಹೊಸ ಮೊತ್ತಕ್ಕೆ ಮನೆ ಹೊಂದಿಕೊಳ್ಳಲಿ. ಕಂತು ಮುಂದಿನ ತಿಂಗಳಿಂದ ಶುರುವಾಗಲಿ. ಕಂತಿನ ಮೊತ್ತವನ್ನು ಹೊಸ ಕೈಗೆ ಬರುವ ಸಂಬಳದ ಶೇಕಡಾ ಏಳೆಂಟರ ಆಸುಪಾಸಿನಲ್ಲಿ ಇಟ್ಟು ಅವರ ಮುಂದೆ ಇಡಿ. 16,800ನ್ನು ಎಂಟರಿಂದ ಭಾಗಿಸಿದರೆ 2,100. ಇದು 29,000ದ ಶೇಕಡಾ ಏಳಕ್ಕೆ ಸ್ವಲ್ಪ ಮೇಲೆ. ಎಂಟೂ ಕಂತು ಸಮ, ಕೊನೆಯಲ್ಲಿ ಚಿಲ್ಲರೆ ಉಳಿಯುವುದಿಲ್ಲ. ಸಮ ಕಂತು ಎನ್ನುವುದು ಅಂದಕ್ಕಲ್ಲ, ಸಂಬಳ ಚೀಟಿ ನೋಡಿ ಅವರೇ ಬೆರಳೆಣಿಸಿ ಲೆಕ್ಕ ಹಾಕಬಹುದು ಎನ್ನುವುದಕ್ಕೆ.

ಬಡ್ಡಿಯ ಮಾತು ಕೆಲವರು ಕೇಳುತ್ತಾರೆ. ಬೇಡ. ಇದು ಅವರು ಕೇಳಿ ಪಡೆದ ಸಾಲವಲ್ಲ.

ಇನ್ನು ಮಾತು. ಪತ್ರಕ್ಕಿಂತ ಮುಂಚೆ ಎದುರಿಗೆ ಕೂರಿಸಿ ಹೇಳಬೇಕು. ಯಂತ್ರದ ಪಕ್ಕದಲ್ಲಿ ನಿಂತು ಅಲ್ಲ, ಕ್ಯಾಂಟೀನಿನಲ್ಲಿ ಅಲ್ಲ, ಸೂಪರ್‌ವೈಸರ್ ಮೂಲಕ ಹೇಳಿ ಕಳಿಸಿಯೂ ಅಲ್ಲ. ಸೂಪರ್‌ವೈಸರ್‌ಗೆ ಈ ಮೊತ್ತ ಗೊತ್ತಾಗುವ ಅಗತ್ಯವೇ ಇಲ್ಲ. ಅವರು ಪಾಳಿ ಬದಲಾವಣೆಯ ತಾರೀಕನ್ನು ಖಚಿತಪಡಿಸಿದರೆ ಅವರ ಕೆಲಸ ಮುಗಿಯಿತು. ಎಚ್‌ಆರ್‌ನ ಒಬ್ಬರು, ಬೇಕಿದ್ದರೆ ಅಕೌಂಟ್ಸ್‌ನ ಒಬ್ಬರು, ಅಷ್ಟೇ. ತಿಂಗಳ 20ನೇ ತಾರೀಕಿನ ಒಳಗೆ ಕೂತರೆ ಸಂಬಳಕ್ಕೆ ಮುಂಚೆ ಅವರಿಗೆ ಯೋಚಿಸಲು ಸಮಯ ಸಿಗುತ್ತದೆ.

ಮೊದಲ ವಾಕ್ಯ ಹೀಗಿರಲಿ: ‘ನಿಮ್ಮ ಸಂಬಳದ ಲೆಕ್ಕದಲ್ಲಿ ನಮ್ಮ ಕಡೆಯಿಂದ ಒಂದು ತಪ್ಪಾಗಿದೆ. ಅದನ್ನು ನಿಮಗೆ ತೋರಿಸಿ, ಹೇಗೆ ಸರಿಮಾಡುವುದು ಎಂದು ನಿಮ್ಮನ್ನೇ ಕೇಳಬೇಕಿತ್ತು.’ ‘ನಿಮಗೆ ಗೊತ್ತಾಗಲಿಲ್ಲವಾ?’ ಎನ್ನುವ ಪ್ರಶ್ನೆ ಬೇಡವೇ ಬೇಡ. ಐದು ತಿಂಗಳು ಹೆಚ್ಚು ಬರುತ್ತಿದ್ದರೂ ಯಾಕೆ ಹೇಳಲಿಲ್ಲ ಎಂದು ಮನಸ್ಸಿನಲ್ಲಿ ಬರಬಹುದು. ಆದರೆ ಓವರ್‌ಟೈಮ್, ರಜೆ, ಸಂಘದ ಕಂತು ಎಲ್ಲ ಸೇರಿ ತಿಂಗಳಿಂದ ತಿಂಗಳಿಗೆ ಮೊತ್ತ ಏರಿಳಿಯುವಾಗ, ನಮ್ಮ ಸಾಫ್ಟ್‌ವೇರೇ ಹಿಡಿಯದ 3,600ನ್ನು ಅವರು ಹಿಡಿಯಬೇಕು ಎಂದು ನಿರೀಕ್ಷಿಸುವುದು ಸರಿಯಲ್ಲ.

ಆಮೇಲೆ ಹಾಜರಿಯ ಹಾಳೆ ತೋರಿಸಿ. ಆಮೇಲೆ ಎರಡು ಪ್ರಶ್ನೆ ಕೇಳಿ. ನಿಮ್ಮ ಖಾತೆಯಿಂದ ತಾನಾಗಿ ಹೋಗುವ ಕಂತುಗಳು ಯಾವ ತಾರೀಕಿಗೆ, ಎಷ್ಟು? ಮತ್ತೆ, ಮುಂದಿನ ವರ್ಷದಲ್ಲಿ ಯಾವ ತಿಂಗಳು ನಿಮಗೆ ಬಿಗಿ? ಈ ಎರಡನೇ ಪ್ರಶ್ನೆಗೆ ಬೆಂಗಳೂರಿನಲ್ಲಿ ಹೆಚ್ಚಿನವರ ಉತ್ತರ ಒಂದೇ: ಮೇ, ಜೂನ್. ಮಕ್ಕಳ ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮ್. ಮನೆ ಬದಲಿಸುವವರು ಹೊಸ ಮನೆಯ ಅಡ್ವಾನ್ಸ್ ಹೊಂದಿಸುವುದೂ ಸಾಮಾನ್ಯವಾಗಿ ಶಾಲೆ ಶುರುವಾಗುವ ಮುಂಚೆಯೇ, ಮತ್ತು ಈ ಊರಿನ ಅಡ್ವಾನ್ಸ್ ಎಷ್ಟೆಷ್ಟು ತಿಂಗಳ ಬಾಡಿಗೆ ಎಂದು ನಿಮಗೆ ಹೇಳಬೇಕಿಲ್ಲ. ಆ ಎರಡು ತಿಂಗಳು ಕಂತು ಬಿಡಿ. ಕಂಪನಿಗೆ ಅದರಿಂದ ಆಗುವ ವ್ಯತ್ಯಾಸ ಕೊನೆಯ ಮೂರು ಕಂತು ಎರಡು ತಿಂಗಳು ತಡವಾಗಿ ಬರುವುದು ಅಷ್ಟೇ.

ಹಾಗೆ ಕೂತು ಮಾತಾಡಿದ ಮೇಲೆ ಪಟ್ಟಿ ಈ ರೂಪಕ್ಕೆ ಬರುತ್ತದೆ.

| ತಿಂಗಳ ಸಂಬಳ | ಕಂತು | ಹಿಡಿಯುವ ಮೊತ್ತ | ಉಳಿಯುವ ಬಾಕಿ | ಕೈಗೆ ಬರುವುದು |
|---|---|---|---|---|
| ನವೆಂಬರ್ | ಇಲ್ಲ | 0 | 16,800 | 29,000 |
| ಡಿಸೆಂಬರ್ | 1 | 2,100 | 14,700 | 26,900 |
| ಜನವರಿ | 2 | 2,100 | 12,600 | 26,900 |
| ಫೆಬ್ರವರಿ | 3 | 2,100 | 10,500 | 26,800 |
| ಮಾರ್ಚ್ | 4 | 2,100 | 8,400 | 26,900 |
| ಏಪ್ರಿಲ್ | 5 | 2,100 | 6,300 | 26,900 |
| ಮೇ, ಜೂನ್ | ಇಲ್ಲ | 0 | 6,300 | 29,000 |
| ಜುಲೈ | 6 | 2,100 | 4,200 | 26,900 |
| ಆಗಸ್ಟ್ | 7 | 2,100 | 2,100 | 26,900 |
| ಸೆಪ್ಟೆಂಬರ್ | 8 | 2,100 | 0 | 26,900 |

ಫೆಬ್ರವರಿಯಲ್ಲಿ ನೂರು ರೂಪಾಯಿ ಕಡಿಮೆ ಏಕೆ ಎಂದು ನೋಡಿದಿರಾ? ಕರ್ನಾಟಕದಲ್ಲಿ 2025ರ ಏಪ್ರಿಲ್‌ನಿಂದ ವೃತ್ತಿ ತೆರಿಗೆ ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ ಮಾತ್ರ 300. ಇದನ್ನು ಪಟ್ಟಿಯಲ್ಲಿ ಮೊದಲೇ ಹಾಕದಿದ್ದರೆ ಫೆಬ್ರವರಿ ಸಂಬಳ ಬಂದ ದಿನ ಅವರು ‘ಸಾರ್, ನೂರು ರೂಪಾಯಿ ಜಾಸ್ತಿ ಹಿಡಿದಿದ್ದೀರಿ’ ಎಂದು ಬರುತ್ತಾರೆ. ಒಮ್ಮೆ ತಪ್ಪು ಕಂಡವರು ಮುಂದಿನ ಪ್ರತಿ ಸಂಬಳ ಚೀಟಿಯನ್ನೂ ರೂಪಾಯಿ ಲೆಕ್ಕದಲ್ಲಿ ನೋಡುತ್ತಾರೆ, ನೋಡಬೇಕಾದದ್ದೂ ಹಾಗೆಯೇ. ‘ಕೈಗೆ ಬರುವುದು’ ಎನ್ನುವ ಕೊನೆಯ ಕಾಲಂ ಅವರಿಗೆ ಬೇಕಾದ ಕಾಲಂ. ಅದಿಲ್ಲದ ಪಟ್ಟಿ ಅಕೌಂಟ್ಸ್‌ಗೆ ಮಾತ್ರ ಉಪಯೋಗ.

ಪತ್ರ ಒಂದು ಪುಟ ದಾಟದಿರಲಿ, ಅವರು ಓದುವ ಭಾಷೆಯಲ್ಲಿರಲಿ. ಯಾವ ಭತ್ಯೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಹೇಗೆ ತಪ್ಪಾಯಿತು, ಆಗಸ್ಟಿನ ಎಂಟು ರಾತ್ರಿಯ 1,200 ಹೇಗೆ ಕಳೆದಿದ್ದೇವೆ, ಒಟ್ಟು ಎಷ್ಟು, ಕಂತಿನ ಪಟ್ಟಿ. ಒಪ್ಪಿಗೆ ಇಲ್ಲದಿದ್ದರೆ ಯಾರನ್ನು, ಯಾವ ತಾರೀಕಿನೊಳಗೆ ಕೇಳಬೇಕು ಎಂದೂ ಇರಲಿ. ಒತ್ತಿ ಹೇಳಬೇಕಾದ ಒಂದು ವಾಕ್ಯ ಹೀಗೆ ಬರೆಯಬಹುದು: ‘ಈ ಹೆಚ್ಚುವರಿ ಪಾವತಿ ಕಂಪನಿಯ ಲೆಕ್ಕದ ತಪ್ಪಿನಿಂದ ಆಗಿದೆ, ಇದಕ್ಕೂ ನಿಮ್ಮ ಕೆಲಸ, ನಡತೆ ಅಥವಾ ಬಡ್ತಿಗೂ ಸಂಬಂಧವಿಲ್ಲ, ಮತ್ತು ಇದರ ಪ್ರತಿ ನಿಮ್ಮ ಸೇವಾ ಕಡತಕ್ಕೆ ಸೇರುವುದಿಲ್ಲ.’ ಆಮೇಲೆ ನಿಜವಾಗಿಯೂ ಸೇರಿಸಬೇಡಿ. ಪ್ರತಿ ಇರಬೇಕಾದದ್ದು ಸಂಬಳದ ಕಡತದಲ್ಲಿ.

ಸಹಿ ಕೇಳುವುದಿದ್ದರೆ ಅಲ್ಲೇ ಕೂರಿಸಿ ಕೇಳಬೇಡಿ. ಪತ್ರ ಮನೆಗೆ ತೆಗೆದುಕೊಂಡು ಹೋಗಲಿ, ಒಂದು ವಾರ ಸಮಯ ಕೊಡಿ. ಅಷ್ಟರಲ್ಲಿ ಅವರು ಆಕ್ಷೇಪ ಎತ್ತಿದರೆ, ಅದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡುವವರೆಗೆ ಮೊದಲ ಕಂತನ್ನು ತಡೆಹಿಡಿಯಿರಿ. ಉತ್ತರ ಕೊಡದೆ ಕಡಿತ ಮಾಡಿದ ಪ್ರಕರಣಗಳೇ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ತನಕ ಹೋಗುವುದು. ಅಲ್ಲಿ ಅಧಿಕಾರಿ ಕೇಳುವ ಮೊದಲ ಕಾಗದ, ಉದ್ಯೋಗಿಗೆ ಏನು ತಿಳಿಸಿದ್ದೀರಿ ಎನ್ನುವುದು.

ಇನ್ನು ಸಾಫ್ಟ್‌ವೇರ್ ಒಳಗೆ ಹೇಗೆ ಹಾಕುವುದು. ಇಲ್ಲಿ ಆಗುವ ತಪ್ಪುಗಳು ಎರಡು ಮೂರು, ಎಲ್ಲವೂ ಬೇರೆ ಬೇರೆ ರೀತಿಯಲ್ಲಿ ನೋಯಿಸುವಂಥವು.

‘ಸಂಬಳ ಮುಂಗಡ’ ಅಥವಾ ‘ಸಾಲ’ ಎನ್ನುವ ತಲೆಬರಹದಲ್ಲಿ ಹಾಕುವುದು ಎಲ್ಲರಿಗೂ ಸುಲಭ, ಏಕೆಂದರೆ ಆ ಸಾಲು ಆಗಲೇ ಇರುತ್ತದೆ. ಆದರೆ ಅವರು ನಾಳೆ ಮನೆ ಸಾಲಕ್ಕೋ ಮಗಳ ಓದಿನ ಸಾಲಕ್ಕೋ ಬ್ಯಾಂಕಿಗೆ ಮೂರು ತಿಂಗಳ ಸಂಬಳ ಚೀಟಿ ಕೊಟ್ಟರೆ, ಬ್ಯಾಂಕಿನವರು ಅದನ್ನು ಇನ್ನೊಂದು ಸಾಲ ಎಂದು ಓದಿ ಅರ್ಹತೆಯ ಮೊತ್ತ ಇಳಿಸುತ್ತಾರೆ. ತೆರಿಗೆಯ ದೃಷ್ಟಿಯಿಂದಲೂ ಆ ಜಾಗ ತಪ್ಪು ಎಂದು ಆಗಲೇ ಹೇಳಿದೆ. ಭತ್ಯೆಯ ಸಾಲಿನ ಕೆಳಗೇ ‘ರಾತ್ರಿ ಪಾಳಿ ಭತ್ಯೆ ಹೊಂದಾಣಿಕೆ, ಕಂತು 3/8, ಉಳಿದದ್ದು 10,500’ ಎಂದು ಮೈನಸ್ 2,100 ಬರಲಿ. ಸಾಲಕ್ಕೆ ಅರ್ಜಿ ಹಾಕುತ್ತಿದ್ದೇನೆ ಎಂದು ಅವರು ಹೇಳಿದರೆ, ಇದು ಸೆಪ್ಟೆಂಬರ್‌ಗೆ ಮುಗಿಯುವ ಹೊಂದಾಣಿಕೆ ಎಂದು ಎರಡು ಸಾಲಿನ ಪತ್ರ ಕೊಡಿ.

ಮೈನಸ್ ಹಾಕುವಾಗ ಒಂದು ಎಚ್ಚರಿಕೆ ಇದೆ. ಒಟ್ಟು ಸಂಬಳ 25,000ದ ಹತ್ತಿರ ಇರುವವರಿಗೆ ಕಂತಿನಿಂದ ಒಟ್ಟು ಮೊತ್ತ ಇಳಿದು ವೃತ್ತಿ ತೆರಿಗೆಯೇ ನಿಂತುಹೋಗಬಹುದು. 21,000ದ ಹತ್ತಿರ ಇರುವವರು ಇಎಸ್‌ಐ ಮಿತಿಯೊಳಗೆ ಬಂದಂತೆ ಸಾಫ್ಟ್‌ವೇರ್‌ಗೆ ಕಾಣಬಹುದು. ಈ ಎರಡು ಗೆರೆಗಳ ಆಸುಪಾಸಿನಲ್ಲಿರುವವರ ಸಂಬಳವನ್ನು ಕೈಯಲ್ಲಿ ಒಮ್ಮೆ ಲೆಕ್ಕ ಹಾಕಿ ನೋಡಿದ ಮೇಲೆಯೇ ಸಂಬಳ ಬಿಡುಗಡೆ ಮಾಡಿ.

ಆಮೇಲೆ ಒಂಬತ್ತನೇ ಕಂತು. ತಿಂಗಳಿಗೆ 2,100 ಎಂದು ಹಾಕಿ, ಕೊನೆಯ ತಿಂಗಳು ಹಾಕದೆ ಬಿಟ್ಟರೆ, ಅಕ್ಟೋಬರ್‌ನಲ್ಲೂ 2,100 ಹೋಗುತ್ತದೆ. ಭತ್ಯೆ ನಿಲ್ಲಿಸಲು ಮರೆತದ್ದರಿಂದ ಶುರುವಾದ ತಪ್ಪು, ಕಡಿತ ನಿಲ್ಲಿಸಲು ಮರೆತು ಮುಗಿದರೆ ಅವರಿಗೆ ಏನನ್ನಿಸಬೇಕು ಹೇಳಿ. ತಿಂಗಳ ಮೊತ್ತದ ಜೊತೆಗೆ 16,800 ಎನ್ನುವ ಒಟ್ಟು ಮಿತಿಯನ್ನೂ ಹಾಕಿ, ಅದನ್ನು ತಲುಪಿದ ಕೂಡಲೇ ಸಾಲು ತಾನಾಗಿ ನಿಲ್ಲಲಿ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ತಿಂಗಳು ತಿಂಗಳು ಕೈಯಲ್ಲೇ ನಮೂದಿಸಿ. ಮರೆತರೆ ಒಂದು ಕಂತು ತಡವಾಗುತ್ತದೆ, ಅದು ಒಂದು ಕಂತು ಹೆಚ್ಚು ಹಿಡಿಯುವುದಕ್ಕಿಂತ ಎಷ್ಟೋ ಮೇಲು.

ಸಂಬಳವಿಲ್ಲದ ರಜೆಯ ತಿಂಗಳಿಗೂ ಮೊದಲೇ ನಿಯಮ ಇರಲಿ. ಅವರಿಗೆ ಡೆಂಗಿ ಬಂದು ಹತ್ತು ದಿನ ಸಂಬಳ ಕಡಿತವಾದ ತಿಂಗಳಲ್ಲೂ ಯಂತ್ರದಂತೆ 2,100 ಹಿಡಿದರೆ ಪಟ್ಟಿಗೆ ಅರ್ಥವಿಲ್ಲ. ಐದು ದಿನಕ್ಕಿಂತ ಹೆಚ್ಚು ಸಂಬಳ ಕಡಿತವಾದ ತಿಂಗಳು ಕಂತು ತಾನಾಗಿ ಮುಂದಕ್ಕೆ ಹೋಗುತ್ತದೆ ಎಂದು ಪತ್ರದಲ್ಲೇ ಬರೆದುಬಿಡಿ. ಅವರು ಬಂದು ಬೇಡಿಕೊಳ್ಳುವ ಪ್ರಸಂಗವೇ ಬರುವುದಿಲ್ಲ.

ನಡುವೆ ಕೆಲಸ ಬಿಟ್ಟರೆ? ಇದನ್ನೂ ಪತ್ರದಲ್ಲಿ ಹೇಳಿರಬೇಕು. ಹೊಸ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಹಾಗಾಗಿ ಕೊನೆಯ ಲೆಕ್ಕಕ್ಕೆ ಕೂತು ಯೋಚಿಸಲು ಸಮಯ ಇರುವುದಿಲ್ಲ. ಮಾರ್ಚ್ ಕಂತು ಆದ ಮೇಲೆ ಅವರು ಬಿಟ್ಟರೆ ಬಾಕಿ 8,400 ಎಂದು ಪಟ್ಟಿಯೇ ಹೇಳುತ್ತದೆ. ಕೊನೆಯ ಸಂಬಳದಿಂದ, ಅರ್ಧದ ಮಿತಿಯೊಳಗೆ, ಹಿಡಿಯಬಹುದಾದಷ್ಟನ್ನು ಹಿಡಿಯಿರಿ. ಉಳಿದದ್ದಕ್ಕೆ ಅವರೇ ಖಾತೆಗೆ ಹಾಕುವಂತೆ ಅದೇ 2,100ರ ಕಂತಿನ ಒಪ್ಪಂದ ಮಾಡಿಕೊಳ್ಳಿ. ಗ್ರಾಚ್ಯುಟಿಗೆ ಕೈ ಹಾಕಬೇಡಿ. ಅದನ್ನು ತಡೆಹಿಡಿಯಲು ಕಾನೂನು ಹೇಳುವ ಕಾರಣಗಳು ದುರ್ನಡತೆ, ಬೇಕೆಂದೇ ಮಾಡಿದ ಹಾನಿ ಇಂಥವು. ನಿಮ್ಮ ಲೆಕ್ಕದ ತಪ್ಪು ಅದರಲ್ಲಿಲ್ಲ. ಈ ಬಾಕಿಯ ಕಾರಣ ಹೇಳಿ ಅನುಭವ ಪತ್ರವನ್ನೂ ತಡೆಯಬೇಡಿ.

ಕೊನೆಗೆ ತುಂಬಾ ಹಳೆಯ ತಪ್ಪುಗಳ ವಿಷಯ, ಇದನ್ನು ಕೇಳದೆ ನೀವು ಬಿಡುವುದಿಲ್ಲ. ಸರ್ಕಾರಿ ನೌಕರರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ, ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ, ಯಾವಾಗ ವಸೂಲಿ ಮಾಡಬಾರದು ಎಂದು ಹೇಳಿದೆ. ಸಿ ಮತ್ತು ಡಿ ದರ್ಜೆಯ ನೌಕರರಿಂದ, ನಿವೃತ್ತರಾದವರಿಂದ ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಐದು ವರ್ಷಕ್ಕಿಂತ ಹೆಚ್ಚು ಕಾಲ ಹೀಗೆ ಹೆಚ್ಚಾಗಿ ಕೊಟ್ಟಿದ್ದರೆ ಅದನ್ನು, ಹೀಗೆ ಒಂದು ಪಟ್ಟಿಯೇ ಇದೆ. ಖಾಸಗಿ ಕಂಪನಿಗಳಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ನಿಮ್ಮದೇ ನೀತಿ ಬರೆಯುವಾಗ ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಹಿಂದಿನ ಹಣಕಾಸು ವರ್ಷಕ್ಕಿಂತ ಹಳೆಯದನ್ನು, ಮೋಸ ಇಲ್ಲದಿದ್ದರೆ, ಕಂಪನಿಯೇ ನಷ್ಟ ಎಂದು ಬರೆದುಕೊಳ್ಳುವುದು ಸರಿ. ಅಷ್ಟು ದಿನ ಕಣ್ಣಿಗೆ ಬೀಳದಿದ್ದದ್ದು ಪರಿಶೀಲನೆಯ ಲೋಪ, ಅದರ ಖರ್ಚು ಆಪರೇಟರ್ ಮನೆಯಿಂದ ಬರಬಾರದು.

ಅಷ್ಟು ದಿನ ಹೋಗದಿರಲು ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಪ್ರತಿ ತಿಂಗಳು ಸಂಬಳ ಬಿಡುಗಡೆಗೆ ಮುಂಚೆ ರಾತ್ರಿ ಪಾಳಿ ಭತ್ಯೆ ಪಡೆಯುವವರ ಪಟ್ಟಿಯನ್ನೂ, ಆ ತಿಂಗಳು ನಿಜವಾಗಿ ರಾತ್ರಿ ಪಂಚ್ ಮಾಡಿದವರ ಪಟ್ಟಿಯನ್ನೂ ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ ಹೆಸರು ಬಂದರೆ ನಿಲ್ಲಿಸಿ ಕೇಳಿ. ಭತ್ಯೆಯನ್ನು ಖಾಯಂ 3,600 ಎಂದು ಕೂರಿಸುವ ಬದಲು ರಾತ್ರಿಗಳ ಸಂಖ್ಯೆ ಗುಣಿಸು 150 ಎಂದು ಹಾಜರಿಗೆ ಜೋಡಿಸಿದರೆ ಈ ಹೋಲಿಕೆಯ ಕೆಲಸವೂ ಉಳಿಯುತ್ತದೆ. ಖಾಯಂ ಮೊತ್ತವೇ ಬೇಕು ಎನ್ನುವ ಕಡೆ ಪ್ರತಿ ಭತ್ಯೆಗೂ ಕೊನೆಯ ತಾರೀಕು ಹಾಕಿ. ಆರು ತಿಂಗಳಿಗೊಮ್ಮೆ ಅದು ತಾನಾಗಿ ನಿಲ್ಲಲಿ, ಸೂಪರ್‌ವೈಸರ್ ಮತ್ತೆ ಸಹಿ ಮಾಡಿದರೆ ಮುಂದುವರಿಯಲಿ.

ಸೆಪ್ಟೆಂಬರ್ ಸಂಬಳ ಚೀಟಿಯಲ್ಲಿ ‘ಕಂತು 8/8, ಉಳಿದದ್ದು 0’ ಎಂದು ಬಂದ ಮೇಲೆ, ಬಾಕಿ ಏನೂ ಇಲ್ಲ ಎಂದು ಒಂದು ಪತ್ರ ಕೊಟ್ಟು, ಸಾಫ್ಟ್‌ವೇರ್‌ನಲ್ಲಿ ಆ ಸಾಲನ್ನು ಮುಚ್ಚಿ. ಅಕ್ಟೋಬರ್ ಸಂಬಳ ಬಿಡುವ ಮುಂಚೆ ಅವರ ಚೀಟಿಯನ್ನು ತೆರೆದು ಕೈಗೆ ಬರುವ ಮೊತ್ತ 29,000ಕ್ಕೆ ವಾಪಸ್ ಬಂದಿದೆಯಾ ಎಂದು ನೋಡಿ.